ರೊಟ್ಟಿ ಪ್ಯಾಕೆಟ್ಟಿನ ಮೇಲಿನ ಅಕ್ಷರ

ನನ್ನ ಸಿಟ್ಟು ಭಾಲ್ಕಿ ಬಸ್‌ಸ್ಟ್ಯಾಂಡಿನ ಸುತ್ತಮುತ್ತ ಹೆಸರುವಾಸಿಯಾಗಿತ್ತು. ಅಲ್ಲಿ ನನ್ನದೊಂದು ಝೆರಾಕ್ಸ್ ಮತ್ತು ಕಂಪ್ಯೂಟರ್ ಟೈಪಿಂಗ್ ಅಂಗಡಿ ಇತ್ತು. ಗಿರಾಕಿಗಳು ಒಳಗೆ ಕಾಲಿಡುವ ಮೊದಲು ಪಕ್ಕದ ಚಹಾದ ಅಂಗಡಿಯವನನ್ನು, ಇವತ್ತು ಬಾಯಿಯವರ ಮೂಡ್ ಹೇಗಿದೆ ಎಂದು ಕೇಳುತ್ತಿದ್ದರಂತೆ. ನಮ್ಮ ಕಡೆ ಹೆಂಗಸರನ್ನು ಮರ್ಯಾದೆಯಿಂದ ಬಾಯಿ ಎನ್ನುತ್ತಾರೆ. ಅವನು ಅವರಿಗೊಂದು ಚಹಾ ಕುಡಿಸಿಯೇ ನನ್ನ ಕಡೆ ಕಳಿಸುತ್ತಿದ್ದ. ನನ್ನ ಸಿಟ್ಟಿನ ಮೇಲೆ ಅವನ ವ್ಯಾಪಾರ ಚೆನ್ನಾಗಿ ನಡೆದಿತ್ತು.

ಸಿಟ್ಟಿಗೆ ಕಾರಣವಿಲ್ಲದೆ ಇರಲಿಲ್ಲ. ಬರುವವರಿಗೆಲ್ಲ ಕನ್ನಡ ಬೇಕು, ಅದೂ ಎಕ್ಸೆಲ್ಲಿನ ಸೆಲ್ಲುಗಳಲ್ಲೇ ಬೇಕು. ಸೆಲ್ ಅನ್ನು ನಮ್ಮ ಕಡೆ ಖಾನೆ ಎನ್ನುತ್ತಾರೆ. ಮದುವೆಗೆ ಕರೆಯುವವರ ಹೆಸರಿಗೆ ಖಾನೆ, ಸಾಲೆಯ ಮಕ್ಕಳ ಹಾಜರಿಗೆ ಖಾನೆ, ಟ್ಯಾಂಕರ್ ನೀರು ಯಾವ ಓಣಿಗೆ ಯಾವಾಗ ಎನ್ನುವುದಕ್ಕೂ ಖಾನೆ. ಈ ಖಾನೆಗಳನ್ನು ಮಾಡಿದ ಪುಣ್ಯಾತ್ಮರು ಇಂಗ್ಲಿಷ್ ಮಂದಿ ಇರಬೇಕು. ಇಂಗ್ಲಿಷ್ ಅಕ್ಷರಗಳು ಒಂದೇ ಗೆರೆಯ ಮೇಲೆ ಸಾಲಾಗಿ ಕುಂತು ಬಿಡುತ್ತವೆ. ನಮ್ಮ ಕನ್ನಡಕ್ಕೆ ಮೇಲೊಂದು ಅಟ್ಟ ಬೇಕು, ಕೆಳಗೊಂದು ನೆಲಮಾಳಿಗೆ ಬೇಕು. ಗುಡಿಸು, ಏತ್ವ ಅಟ್ಟದಲ್ಲಿ, ಒತ್ತಕ್ಷರ ನೆಲಮಾಳಿಗೆಯಲ್ಲಿ. ಖಾನೆಯ ಎತ್ತರ ಕಡಿಮೆಯಾದರೆ ಒತ್ತಕ್ಷರದ ಕಾಲು ಕತ್ತರಿಸಿ ಹೋಗುತ್ತದೆ. ಸ್ಕ್ರೀನಿನ ಮೇಲೆ ಸರಿಯಾಗಿ ಕಂಡದ್ದು ಕಾಗದದ ಮೇಲೆ ಕುಂಟಾಗಿ ಬರುತ್ತದೆ. ಕಾಗದ ಹಿಡಿದುಕೊಂಡು ಗಿರಾಕಿ ನನ್ನ ಕಡೆ ನೋಡುತ್ತಾನೆ, ನಾನು ಪ್ರಿಂಟರ್ ಕಡೆ ನೋಡುತ್ತೇನೆ, ಪ್ರಿಂಟರಿಗೆ ಯಾರ ಭಯವೂ ಇಲ್ಲ.

ನಾನು ಹೇಳುತ್ತಿರುವುದು ಲಾತೂರಿಗೆ ರೈಲಿನಲ್ಲಿ ನೀರು ಹೋದ ವರ್ಷದ ಮಾತು. ನಮಗೆ ಆ ರೈಲೂ ಇರಲಿಲ್ಲ. ಮಳೆಯಿಲ್ಲದೆ ಕಾರಂಜಾ ಡ್ಯಾಮು ತಳ ಕಂಡಿತ್ತು. ನನ್ನ ಅಂಗಡಿಗೆ ಬರುವ ಅರ್ಧ ಜನ ಪುಣೆಗೋ ಹೈದರಾಬಾದಿಗೋ ಹೊರಟವರೇ. ಆಧಾರ್ ಝೆರಾಕ್ಸ್ ಮಾಡಿಸಿ ಜೇಬಿಗಿಟ್ಟುಕೊಂಡು ಬಸ್ ಹತ್ತಿಬಿಡುವರು. ನನ್ನ ಅಣ್ಣನೂ ಹಾಗೆಯೇ ಹೋದ. ಪುಣೆಯಲ್ಲಿ ಬಿಲ್ಡಿಂಗ್ ಕೆಲಸ. ದೀಪಾವಳಿ ಆದಮೇಲೆ ಹೋದವನು ಬೇಸಿಗೆ ಬಂದರೂ ಬಂದಿರಲಿಲ್ಲ. ವೈನಿಯನ್ನೂ, ಅಂದರೆ ನನ್ನ ಅತ್ತಿಗೆಯನ್ನೂ, ಕರೆಸಿಕೊಳ್ಳುವ ಮಾತು ನಡೆದಿತ್ತು. ಅಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿದರೆ ಮಾತ್ರ ಏನಾದರೂ ಉಳಿಯುತ್ತದಂತೆ. ಕೂಲಿಯವರನ್ನು ಒಯ್ಯುವ ಮುಕಾದಮನ ಗಾಡಿ ಭಾನುವಾರ ಸಂಜೆ ಬರುವುದೆಂದು ಗೊತ್ತಾಗಿತ್ತು.

ವೈನಿ ಔರಾದ ಕಡೆಯವಳು. ತವರಲ್ಲಿ ಮಾತೆಲ್ಲ ಮರಾಠಿ, ಸಾಲೆಯೂ ಮರಾಠಿ. ಕನ್ನಡ ಆಡುವುದನ್ನು ನಮ್ಮ ಮನೆಗೆ ಬಂದಮೇಲೆ ಕಲಿತಳು. ಓದುವುದನ್ನು ಬಸ್ಸಿನ ಬೋರ್ಡು ನೋಡಿ ನೋಡಿ ಕಲಿತಳು. ಅವಳು ಬಡಿಯುವ ಜೋಳದ ರೊಟ್ಟಿ ಹಪ್ಪಳದಷ್ಟು ತೆಳ್ಳಗೆ ಇರುತ್ತಿತ್ತು. ಒಣಗಿಸಿ ಇಟ್ಟರೆ ತಿಂಗಳಾದರೂ ಕರುಂ ಎನ್ನುವ ಖಡಕ್ ರೊಟ್ಟಿ. ಆ ವರ್ಷ ಓಣಿಯ ನಾಲ್ಕು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ರೊಟ್ಟಿ ಮಾರಲು ಶುರು ಮಾಡಿದ್ದಳು. ಭಾತಂಬ್ರಾದ ನೆಂಟರು ಬೀದರಿಗೆ ಹೋಗುವಾಗ ಒಂದು ಕಟ್ಟು ಒಯ್ದು, ನೌಬಾದದಲ್ಲಿ ತಿನಿಸಿನ ಅಂಗಡಿ ಇಟ್ಟ ಕಾಕುವಿಗೆ ರುಚಿ ತೋರಿಸಿದರು. ಕಾಕು ಎಂದರೆ ಚಿಕ್ಕಮ್ಮ, ಆದರೆ ಇವರು ನಮಗೇನೂ ಸಂಬಂಧಿಯಲ್ಲ, ವಯಸ್ಸಾದ ಗಟ್ಟಿ ಹೆಂಗಸು, ಎಲ್ಲರಿಗೂ ಕಾಕು.

ಕಾಕುವಿಗೆ ರೊಟ್ಟಿ ಹಿಡಿಸಿತು. ದಿನಾ ಬೇಕು, ವರ್ಷಪೂರ್ತಿ ಬೇಕು ಎಂದರು. ಆದರೆ ಬಿಡಿ ರೊಟ್ಟಿಯನ್ನು ಅವರು ಮುಟ್ಟುವುದಿಲ್ಲ. ಪ್ಯಾಕೆಟ್ ಆಗಬೇಕು, ಪ್ಯಾಕೆಟ್ಟಿನ ಮೇಲೆ ಸ್ಟಿಕ್ಕರ್ ಇರಬೇಕು, ಅದು ಕನ್ನಡದಲ್ಲಿ ಇರಬೇಕು. ಏನು ತಿನಿಸು, ಏನೇನು ಹಾಕಿದ್ದಾರೆ, ಎಲ್ಲಿ ಮಾಡಿದ್ದು ಎನ್ನುವುದು ನಿಂತಲ್ಲಿಂದಲೇ ಓದಿಸಿಕೊಳ್ಳಬೇಕು. ಹಿಂದೊಮ್ಮೆ ಯಾರೋ ಅರ್ಧ ಅಳಿಸಿದ ಅಕ್ಷರದ ಪ್ಯಾಕೆಟ್ ತಂದುಕೊಟ್ಟು, ಗಿರಾಕಿಗಳು ಹಳೆಯ ಮಾಲು ಎಂದು ಜಗಳ ತೆಗೆದಿದ್ದರಂತೆ. ಭಾನುವಾರ ಮಧ್ಯಾಹ್ನದೊಳಗೆ ಸ್ಟಿಕ್ಕರ್ ಹಚ್ಚಿದ ಪ್ಯಾಕೆಟ್ ತಮ್ಮ ಕಣ್ಣಿಗೆ ಬಿದ್ದರೆ ಸೋಮವಾರದಿಂದ ವ್ಯಾಪಾರ, ಇಲ್ಲದಿದ್ದರೆ ಹುಮನಾಬಾದಿನ ರೊಟ್ಟಿಯವರು ಕಾಯುತ್ತಿದ್ದಾರೆ ಎಂದು ಫೋನಿನಲ್ಲಿ ಖಡಾಖಡಿ ಹೇಳಿದರು.

ಫೋನ್ ಇಟ್ಟು ವೈನಿ ನನ್ನ ಅಂಗಡಿಗೆ ಬಂದಳು. ಕುರ್ಚಿ ಎಳೆದುಕೊಂಡು ಕುಂತು, ಎರಡೇ ಮಾತು ಹೇಳಿದಳು.

“ರೊಟ್ಟಿ ಹೋದ್ರ ನಾ ಇರ್ತೇನಿ. ರೊಟ್ಟಿ ಹೋಗಲಿಲ್ಲಂದ್ರ ನಾ ಹೋಗ್ತೇನಿ.”

ಅವಳ ತಗಡಿನ ಟ್ರಂಕು ಆಗಲೇ ಪಡಸಾಲೆಗೆ ಬಂದು ಕುಂತಿತ್ತು. ವೈನಿ ಹೋದರೆ ಆ ಮನೆಯಲ್ಲಿ ನಾನು ಮತ್ತು ನನ್ನ ಸಿಟ್ಟು ಇಬ್ಬರೇ ಉಳಿಯುತ್ತಿದ್ದೆವು. ನನ್ನನ್ನು ಬೈದು, ನಗಿಸಿ, ಊಟಕ್ಕೆ ಎಬ್ಬಿಸುವವಳು ಅವಳೊಬ್ಬಳೇ. ಸ್ಟಿಕ್ಕರ್ ಮಾಡುವುದೇನು ಮಹಾ, ಸುಮ್ಮನೆ ಕೂಡ್ರಿ ಎಂದು ಗದರಿಸಿ ಕಂಪ್ಯೂಟರ್ ಹಚ್ಚಿದೆ.

ಎಕ್ಸೆಲ್ ತೆಗೆದು ಪುಟದ ತುಂಬ ಖಾನೆ ಮಾಡಿದೆ. ಅಡ್ಡ ಮೂರು, ಉದ್ದ ಎಂಟು. ಒಂದೊಂದು ಖಾನೆ ಒಂದೊಂದು ಸ್ಟಿಕ್ಕರ್. ಸ್ಟಿಕ್ಕರ್ ಹಾಳೆಯ ಅಳತೆ ಸ್ಕೇಲಿನಿಂದ ಹಿಡಿದು ಖಾನೆಯ ಅಗಲ, ಎತ್ತರ ಕೂಡಿಸಿದೆ. ಮೇಲೆ ದಪ್ಪಗೆ ಜೋಳದ ಖಡಕ್ ರೊಟ್ಟಿ, ಆಲ್ಟ್ ಒತ್ತಿ ಎಂಟರ್ ಹೊಡೆದು ಅದೇ ಖಾನೆಯಲ್ಲಿ ಕೆಳಗಿನ ಸಾಲು: ಜೋಳದ ಹಿಟ್ಟು, ಎಳ್ಳು, ಉಪ್ಪು. ಅದರ ಕೆಳಗೆ ಭಾಲ್ಕಿ, ಪಕ್ಕದಲ್ಲಿ ತೂಕ. ಫಾಂಟು ಮಾತ್ರ ನನ್ನ ಪ್ರೀತಿಯ ನುಡಿ, ನಾನು ಟೈಪಿಂಗ್ ಕಲಿತಾಗಿನಿಂದ ಕೈಗೆ ಹತ್ತಿದ ಹಳೆಯ ನುಡಿ. ಅದರಲ್ಲೂ ತಲೆಬರಹಕ್ಕೆ ಮದುವೆ ಪತ್ರಿಕೆಗೆ ಹಾಕುವ ಬಳ್ಳಿಬಳ್ಳಿಯ ಚಂದದ ಅಕ್ಷರ ಆರಿಸಿದೆ. ವೈನಿ ಅದನ್ನು ನೋಡಿ ಕಣ್ಣು ಕಿರಿದು ಮಾಡಿದಳು. ಇದು ರೊಟ್ಟಿಯೋ ರಂಗೋಲಿಯೋ ಎಂದು ಕೇಳಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ತಮಾಷೆ ನೋಡಿ, ನಮ್ಮ ತಿನಿಸಿನ ಹೆಸರಿನಲ್ಲೆಲ್ಲ ಒತ್ತಕ್ಷರವೇ. ರೊಟ್ಟಿ, ಸಜ್ಜೆ, ಎಳ್ಳು, ಉಪ್ಪು, ಬೆಲ್ಲ, ಎಣ್ಣೆ. ಸ್ಟಿಕ್ಕರಿನಲ್ಲಿದ್ದ ಒತ್ತುಗಳನ್ನೆಲ್ಲ ಖಾನೆಯ ನೆಲಮಾಳಿಗೆಗೆ ಇಳಿಸಿ, ಎತ್ತರ ಇನ್ನಷ್ಟು ಕೊಟ್ಟು, ಅಕ್ಷರಗಳು ಖಾನೆಯ ನಟ್ಟನಡುವೆ ನಿಲ್ಲುವಂತೆ ಮಾಡಿದೆ. ನನ್ನ ಪ್ರಿಂಟರಿನಲ್ಲಿ ಸಾದಾ ಕಾಗದಕ್ಕೆ ತೆಗೆದರೆ ಎಲ್ಲ ಸರಿಯಾಗಿತ್ತು. ಆದರೆ ಬಣ್ಣದ ಸ್ಟಿಕ್ಕರ್ ನನ್ನಲ್ಲಿ ಆಗುವುದಿಲ್ಲ. ಬೀದರಿನ ಕೊಳಾರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಔಷಧಿ ಡಬ್ಬಿಗಳಿಗೆ ಸ್ಟಿಕ್ಕರ್ ಮಾಡಿಕೊಡುವ ಒಂದು ಸಣ್ಣ ಪ್ರಿಂಟಿಂಗ್ ಅಂಗಡಿ ಇತ್ತು. ಅದನ್ನು ನಡೆಸುವ ಭಾಯ್ ಪರಿಚಯವಿದ್ದವನು. ಅವನಿಗೆ ಫೈಲ್ ಇ-ಮೇಲ್ ಮಾಡಿದೆ. ಕಾಕುವಿಗೂ ನೋಡಲಿ ಎಂದು ಅದೇ ಫೈಲನ್ನು ವಾಟ್ಸಾಪಿಗೆ ಹಾಕಿದೆ. ವೈನಿ ಭಾಯ್‌ಗೆ ಫೋನ್ ಮಾಡಿ ಬೇಗ ಮಾಡಿಕೊಡಿ ಎಂದು ಮರಾಠಿಯಲ್ಲಿ ಅರ್ಧ ತಾಸು ಮಾತಾಡಿದಳು. ಭಾಯ್ ಉರ್ದು ಸಾಲೆಯಲ್ಲಿ ಓದಿದವನು, ಆದರೆ ಬೀದರಿನವನಿಗೆ ಮರಾಠಿ ತಿಳಿಯದೆ ಇರುತ್ತದೆಯೇ. ಇಬ್ಬರೂ ನಕ್ಕಿದ್ದೇ ನಕ್ಕಿದ್ದು.

ಶನಿವಾರ ಬೆಳಿಗ್ಗೆ ಬೀದರ್ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಸ್ಟಿಕ್ಕರ್ ಕಟ್ಟು ಬಂತು. ನಮ್ಮ ಕಡೆ ಸಾಮಾನು ಬರುವುದೇ ಹಾಗೆ. ಓಣಿಯ ಹೆಣ್ಣುಮಕ್ಕಳೆಲ್ಲ ಪಡಸಾಲೆಯಲ್ಲಿ ಕೂಡಿದ್ದರು, ರೊಟ್ಟಿ ಪ್ಯಾಕೆಟ್ಟುಗಳು ಸಾಲಾಗಿ ಕಾಯುತ್ತಿದ್ದವು. ವೈನಿ ಕಟ್ಟು ಬಿಚ್ಚಿದಳು. ಹಳದಿ ಬಣ್ಣ, ಅಂಚಿಗೆ ಕೆಂಪು ಗೆರೆ, ನೋಡಲು ಚಂದ. ಆದರೆ ಒಳಗೆ ಇದ್ದದ್ದು ಕನ್ನಡವಲ್ಲ, ಮರಾಠಿಯ ದೇವನಾಗರಿ ಅಕ್ಷರ.

ವೈನಿ ಓದಲು ಹೋದಳು. ಮರಾಠಿ ಸಾಲೆಯಲ್ಲಿ ಓದಿದವಳಿಗೆ ದೇವನಾಗರಿ ಎಂದರೆ ನೀರು ಕುಡಿದಷ್ಟು ಸಲೀಸು. ಅವಳ ತುಟಿ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಅರ್ಧ ಅಕ್ಷರ, ಅದರ ಬೆನ್ನಿಗೆ ಎರಡೆರಡು ಮಾತ್ರೆ, ಯಾವುದಕ್ಕೂ ಸೇರದೆ ಗಾಳಿಯಲ್ಲಿ ತೂಗುವ ಒಂದು ಕೊಂಬು. ಅದು ಮರಾಠಿಯೂ ಅಲ್ಲ, ಹಿಂದಿಯೂ ಅಲ್ಲ, ಭೂಮಿಯ ಮೇಲಿನ ಯಾವ ಭಾಷೆಯೂ ಅಲ್ಲ. ವೈನಿ ಹಟ ಬಿಡದೆ, ಪೂಜಾರಿ ಮಂತ್ರ ಹೇಳುವ ರಾಗದಲ್ಲಿ ಇದ್ದದ್ದನ್ನು ಇದ್ದಂತೆ ಗಟ್ಟಿಯಾಗಿ ಓದತೊಡಗಿದಳು. ಮೊದಲು ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಪಡಸಾಲೆಯೇ ಬಿದ್ದು ಬಿದ್ದು ನಕ್ಕಿತು. ಹಿಟ್ಟಿನ ಕೈಯಿಂದ ಕಣ್ಣೊರೆಸಿಕೊಂಡು ಎಲ್ಲರ ಮುಖವೂ ಬೆಳ್ಳಗಾಯಿತು.

ನಾನು ಮಾತ್ರ ನಗಲಿಲ್ಲ. ನನ್ನ ಕಣ್ಣು ಪಕ್ಕದ ಟ್ರಂಕಿನ ಮೇಲಿತ್ತು. ಅಷ್ಟರಲ್ಲಿ ಕಾಕುವಿನ ಫೋನ್ ಬಂತು. ವಾಟ್ಸಾಪಿನಲ್ಲಿ ಕಳಿಸಿದ ಫೈಲ್ ತೆಗೆದು ನೋಡಿದರೆ ಅವರ ಮೊಬೈಲಿನಲ್ಲಿ ತಲೆಯ ಮೇಲೆ ಚುಕ್ಕೆ, ಟೊಪ್ಪಿಗೆ ಹೊತ್ತ ಇಂಗ್ಲಿಷ್ ಅಕ್ಷರಗಳು ಕಂಡವಂತೆ. ಇದು ಯಾವ ದೇಶದ ರೊಟ್ಟಿ ಎಂದು ಕೇಳಿದರು. ದನಿಯಲ್ಲಿ ನಗೆ ಇತ್ತು, ಆದರೆ ನಾಳೆ ಮಧ್ಯಾಹ್ನ ಎನ್ನುವ ಮಾತನ್ನು ಮತ್ತೊಮ್ಮೆ ಹೇಳಿಯೇ ಫೋನಿಟ್ಟರು.

ಒಂದೇ ಫೈಲ್. ನನ್ನ ಕಂಪ್ಯೂಟರಿನಲ್ಲಿ ಕನ್ನಡ, ಕಾಕುವಿನ ಮೊಬೈಲಿನಲ್ಲಿ ಚುಕ್ಕೆ ಹೊತ್ತ ಇಂಗ್ಲಿಷ್, ಭಾಯ್‌ನ ಅಂಗಡಿಯಲ್ಲಿ ಇಲ್ಲದ ಊರಿನ ಮರಾಠಿ. ನನ್ನ ತಲೆ ಕೆಟ್ಟು ಮೊಸರು ಗಡಿಗೆಯಾಯಿತು. ಪೆನ್‌ಡ್ರೈವಿಗೆ ನುಡಿ ತಂತ್ರಾಂಶವನ್ನೂ ಅದರ ಫಾಂಟುಗಳನ್ನೂ ತುಂಬಿಕೊಂಡು, ವೈನಿಯ ರಟ್ಟೆ ಹಿಡಿದು ಬೀದರ್ ಬಸ್ ಹತ್ತಿದೆ. ದಾರಿಯುದ್ದಕ್ಕೂ ಭಾಯ್‌ಗೆ ಏನೇನು ಬೈಯಬೇಕೆಂದು ಸಾಲು ಹಚ್ಚಿ ಇಟ್ಟುಕೊಂಡೆ. ವೈನಿ ಕಿಟಕಿಯ ಹೊರಗೆ ಒಣಗಿದ ಹೊಲ ನೋಡುತ್ತ ಕುಂತಿದ್ದಳು. ನಡುವೆ ಒಮ್ಮೆ ಮಾತ್ರ, ಪುಣೆಯಲ್ಲಿ ಜೋಳದ ಹಿಟ್ಟು ಸಿಗುತ್ತದೆಯೇ ಎಂದು ಕೇಳಿದಳು. ನಾನು ಬೈಗುಳದ ಸಾಲಿಗೆ ಇನ್ನೊಂದನ್ನು ಸೇರಿಸಿಕೊಂಡೆ.

ಕೊಳಾರದಲ್ಲಿ ಭಾಯ್ ನಮ್ಮನ್ನು ನೋಡಿ ಖುಷಿಯಿಂದ ಎದ್ದು ನಿಂತ. ಸ್ಟಿಕ್ಕರ್ ಹ್ಯಾಂಗ ಬಂದಾವ ಎಂದು ಕೇಳಿಯೇಬಿಟ್ಟ. ನಾನು ದಾರಿಯಲ್ಲಿ ಹಚ್ಚಿಟ್ಟ ಬೈಗುಳವನ್ನೆಲ್ಲ ಒಂದೇ ಉಸಿರಿಗೆ ಸುರಿದೆ. ಅವನು ಪಾಪ, ಕೈ ಕಟ್ಟಿ ನಿಂತು ಕೇಳಿದ. ಮುಗಿದಮೇಲೆ ನೀರು ಕೊಟ್ಟು, ಆಗಿದ್ದನ್ನು ಹೇಳಿದ. ಫೈಲ್ ತೆರೆದಾಗ ಅವನಿಗೂ ಕಂಡದ್ದು ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳೇ. ಉದಗೀರ್ ಕಡೆಯಿಂದ ಅವನಿಗೆ ಬರುವ ಹಳೆಯ ಮರಾಠಿ ಫೈಲುಗಳೂ ಮೊದಲು ಹಾಗೆಯೇ ಕಾಣುತ್ತವಂತೆ. ಅವನು ಎಲ್ಲ ಖಾನೆಗಳನ್ನೂ ಒಟ್ಟಿಗೆ ಹಿಡಿದು ತನ್ನಲ್ಲಿದ್ದ ಮರಾಠಿ ಫಾಂಟು ಹಚ್ಚಿಬಿಟ್ಟರೆ ಸರಿಹೋಗುತ್ತವಂತೆ. ಇಲ್ಲೂ ಅದನ್ನೇ ಮಾಡಿದ. ದೇವನಾಗರಿ ಬಂತು. ಅವನಿಗೆ ಅದರ ಆಕಾರ ಗುರುತು, ಓದು ಬಾರದು.

“ಬಾಯಿಯವರು ಫೋನಿನ್ಯಾಗ ಅಷ್ಟೊತ್ತು ಮರಾಠಿ ಮಾತಾಡ್ಯಾರ. ಅವರ ರೊಟ್ಟಿ ಕನ್ನಡದಾಗ ಇರ್ತದಂತ ನನಗ ಹ್ಯಾಂಗ ಗೊತ್ತಾಗಬೇಕ್ರಿ?” ಎಂದ.

ವೈನಿ ಕಿಸಕ್ಕನೆ ನಕ್ಕಳು. ನನಗೂ ತಡೆಯಲಾಗಲಿಲ್ಲ. ಬೀದರಿನಲ್ಲಿ ಮಾತ್ರ ಆಗಬಹುದಾದ ತಪ್ಪು ಅದು. ಮಾತು ಒಂದು, ಬರಹ ಒಂದು, ಓದುವ ಕಣ್ಣು ಇನ್ನೊಂದು. ಯಾರ ಮೇಲೆ ಸಿಟ್ಟು ಮಾಡುವುದು. ಅಲ್ಲಿಗೆ ನನ್ನ ಬೈಗುಳದ ಗಂಟು ಖಾಲಿಯಾಯಿತು, ಕೆಲಸ ಶುರುವಾಯಿತು.

ಮೊದಲು ಅವನ ಕಂಪ್ಯೂಟರಿಗೆ ನುಡಿ ಫಾಂಟು ಹಾಕಿದೆವು. ನಾನು ಕಳಿಸಿದ ಫೈಲನ್ನೇ ಹೊಸದಾಗಿ ತೆರೆದರೆ ಕನ್ನಡ ತಟ್ಟನೆ ಎದ್ದು ಕುಂತಿತು. ವೈನಿ ಚಪ್ಪಾಳೆ ಹೊಡೆದಳು. ಆದರೆ ಕಾಕುವಿನ ಮೊಬೈಲಿಗೆ ಫಾಂಟು ಹಾಕಲು ಯಾರು ಹೋಗಬೇಕು? ಅವರ ಅಂಗಡಿಯ ತಿನಿಸಿನ ಪಟ್ಟಿ, ಸ್ಟಿಕ್ಕರಿನ ಸಮೇತ, ಪುಣೆಯ, ಹೈದರಾಬಾದಿನ ಗಿರಾಕಿಗಳಿಗೆ ಮೊಬೈಲಿನಲ್ಲೇ ಹೋಗುತ್ತದೆ. ಸ್ಟಿಕ್ಕರ್ ಮಾತ್ರ ಸರಿಯಾಗಿ, ಮೊಬೈಲಿನಲ್ಲಿ ಮತ್ತೆ ಅದೇ ಟೊಪ್ಪಿಗೆ ಕಂಡರೆ ಕಾಕು ಒಪ್ಪುವವರಲ್ಲ. ಭಾಯ್ ಮತ್ತು ನಾನು ಕೂತು ಇದನ್ನು ಬಿಡಿಸಿದೆವು. ಹಳೆಯ ನುಡಿಯಲ್ಲಿ ಟೈಪ್ ಮಾಡಿದಾಗ ಕಂಪ್ಯೂಟರ್ ಒಳಗೆ ಇಟ್ಟುಕೊಳ್ಳುವುದು ಕನ್ನಡವನ್ನೇ ಅಲ್ಲ, ಇಂಗ್ಲಿಷಿನ ಗುರುತುಗಳನ್ನು. ಮೇಲೆ ಕನ್ನಡದ ವೇಷ ಹಾಕುವುದು ಫಾಂಟು. ಫಾಂಟು ಮನೆಯಲ್ಲೇ ಉಳಿದು ಅಕ್ಷರ ಒಂದೇ ಊರು ಬಿಟ್ಟಿತೆಂದರೆ, ಹೋದಲ್ಲಿ ಅದರ ಗುರುತು ಯಾರಿಗೂ ಹತ್ತುವುದಿಲ್ಲ. ಯೂನಿಕೋಡಿನಲ್ಲಿ ಹಾಗಲ್ಲ. ಅಲ್ಲಿ ಕ ಎಂದರೆ ಒಳಗೂ ಕ, ಹೊರಗೂ ಕ. ಫಾಂಟು ಬೇರೆಯಾದರೆ ಮುಖ ಸ್ವಲ್ಪ ಬದಲಾಗಬಹುದು, ಆದರೆ ಅಕ್ಷರ ಕನ್ನಡವಾಗಿಯೇ ಇರುತ್ತದೆ.

ನನಗೆ ಯೂನಿಕೋಡ್ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಅದರ ಮೇಲೆ ಮನಸ್ಸಿರಲಿಲ್ಲ. ನನ್ನ ಹಳೆಯ ಕಂಪ್ಯೂಟರಿನಲ್ಲಿ ಯೂನಿಕೋಡಿಗೆಂದು ಇದ್ದ ಕನ್ನಡ ಫಾಂಟು ಒಂದೇ, ತುಂಗಾ. ಅದರ ಅಕ್ಷರ ಇರುವೆಯಷ್ಟು ಸಣ್ಣಗೆ ಕಂಡು ನನಗೆ ಆಗುತ್ತಿರಲಿಲ್ಲ. ಭಾಯ್‌ನ ಕಂಪ್ಯೂಟರ್ ಹೊಸದು, ಅದರಲ್ಲಿ ನಿರ್ಮಲಾ ಎನ್ನುವ ಫಾಂಟು ತಾನಾಗಿಯೇ ಬಂದಿತ್ತು. ನಿರ್ಮಲಾ ಹಚ್ಚೋಣ ಎಂದು ನಾವು ಮಾತಾಡುವುದು ಕೇಳಿ ವೈನಿ, ಅವಳು ಯಾರ, ಇಲ್ಲೇ ಕೆಲಸ ಮಾಡ್ತಾಳೇನು ಎಂದು ಆ ಕಡೆ ಈ ಕಡೆ ನೋಡಿದಳು. ಭಾಯ್ ಬಾಗಿಲ ಕಡೆ ತಿರುಗಿ ನಕ್ಕ.

ಸ್ಟಿಕ್ಕರಿನ ಮಾತು ಇರುವುದೇ ಮೂರು ಸಾಲು. ಹಳೆಯದನ್ನು ಬದಲಿಸುವ ಗೋಜಿಗೆ ಹೋಗದೆ, ನುಡಿ ತಂತ್ರಾಂಶವನ್ನು ಅಲ್ಲೇ ಹಾಕಿಕೊಂಡು, ಅದರಲ್ಲಿ ಯೂನಿಕೋಡ್ ಆರಿಸಿ, ಒಂದು ಖಾನೆಯಲ್ಲಿ ಹೊಸದಾಗಿ ಟೈಪ್ ಮಾಡಿದೆ. ಕೀಲಿ ಅವೇ, ಬೆರಳಿಗೆ ಹೊಸದೇನೂ ಕಲಿಯಬೇಕಾಗಲಿಲ್ಲ. ಅದೊಂದೇ ಖಾನೆಯನ್ನು ಉಳಿದವಕ್ಕೆಲ್ಲ ಕಾಪಿ ಮಾಡಿದೆ. ತೂಕದ ಅಂಕಿಯ ಪಕ್ಕ ಒಂದೆರಡು ಇಂಗ್ಲಿಷ್ ಅಕ್ಷರ ಬೇಕಿದ್ದವು. ಹಳೆಯ ಫಾಂಟಿನಲ್ಲಾದರೆ ಅಷ್ಟೇ ತುಂಡನ್ನು ಹಿಡಿದು ಬೇರೆ ಫಾಂಟು ಹಚ್ಚಬೇಕಿತ್ತು, ಇಲ್ಲವಾದರೆ ಅವೂ ಕನ್ನಡದ ಚೂರುಗಳಾಗಿ ಕಾಣುತ್ತಿದ್ದವು. ಇಲ್ಲಿ ಕನ್ನಡದ ಪಕ್ಕ ಇಂಗ್ಲಿಷ್ ಜಗಳವಿಲ್ಲದೆ ಕುಂತಿತು.

ಭಾಯ್ ಸ್ಟಿಕ್ಕರ್ ಹಾಳೆ ಹಾಕಲು ಹೊರಟ. ಈ ಸಲ ನಾನು ಬಿಡಲಿಲ್ಲ. ಮೊದಲು ಸಾದಾ ಕಾಗದಕ್ಕೆ ಒಂದು ಪ್ರತಿ ತೆಗೆಸಿದೆ. ಅದನ್ನು ಖಾಲಿ ಸ್ಟಿಕ್ಕರ್ ಹಾಳೆಯ ಮೇಲಿಟ್ಟು ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದೆವು. ಖಾನೆಗೆ ಖಾನೆ ಕೂಡಿತ್ತು. ಆದರೆ ರೊಟ್ಟಿಯ ಒತ್ತು ಅರ್ಧ ಮಾಯ, ಎಳ್ಳಿನ ಒತ್ತು ಪೂರ್ತಿ ಮಾಯ. ಸ್ಕ್ರೀನಿನಲ್ಲಿ ನೋಡಿದರೆ ಎಲ್ಲ ಜಾಗದಲ್ಲೇ ಇದ್ದವು. ಅವನ ಪ್ರಿಂಟರ್ ಬೇರೆ, ಫಾಂಟೂ ಬೇರೆ, ಸಾಲುಗಳಿಗೆ ಬೇಕಾದ ಎತ್ತರವೂ ಬೇರೆ. ಖಾನೆಯ ಎತ್ತರ ಹೆಚ್ಚಿಸೋಣವೆಂದರೆ ಸ್ಟಿಕ್ಕರಿನ ಅಳತೆ ತಪ್ಪುತ್ತದೆ. ಹಾಗಾದರೆ ಅಕ್ಷರವನ್ನೇ ಒಂದು ಮಟ್ಟ ಇಳಿಸಬೇಕು. ಇಳಿಸಿದರೆ ಒತ್ತು ಓದಲು ಬರಬೇಕಲ್ಲ. ಇಲ್ಲಿ ನಾನೂ ಭಾಯ್‌ನೂ ಕೈಚೆಲ್ಲಿ ಕುಂತೆವು. ನಮ್ಮಿಬ್ಬರ ಕಣ್ಣೂ ದಿನಾ ಸಣ್ಣ ಅಕ್ಷರ ನೋಡಿ ನೋಡಿ ಹಾಳಾದ ಕಣ್ಣು. ನಮಗೆ ಏನು ಕಂಡರೂ ಓದಿದಂತೆಯೇ ಅನಿಸುತ್ತದೆ.

ನನಗೆ ಹೊಳೆದದ್ದು ಆಗ. ವೈನಿಯನ್ನು ಬಾಗಿಲ ಹತ್ತಿರ, ಕಾಕುವಿನ ಅಂಗಡಿಯಲ್ಲಿ ಗಿರಾಕಿ ನಿಲ್ಲುವಷ್ಟು ದೂರ ನಿಲ್ಲಿಸಿದೆ. ಬಸ್ಸಿನ ಬೋರ್ಡಿನಲ್ಲಿ ಕನ್ನಡ ಕಲಿತವಳು ಅವಳು. ಅಂದಾಜಿನ ಮೇಲೆ ಓದುವ ಚಾಳಿ ಅವಳಿಗಿಲ್ಲ, ಅಕ್ಷರ ಕಂಡರೆ ಕಂಡಿತು, ಇಲ್ಲವಾದರೆ ಇಲ್ಲ. ಅವಳು ನಿಂತಲ್ಲಿಂದ ಓದಿದ್ದೇ ಪಾಸು ಎಂದು ಗೊತ್ತು ಮಾಡಿಕೊಂಡೆವು.

ನಾನು ಒಂದೊಂದೇ ಕಾಗದ ಎತ್ತಿ ಹಿಡಿದೆ. ಮೊದಲು ನನ್ನ ಬಳ್ಳಿಬಳ್ಳಿಯ ಮದುವೆ ಪತ್ರಿಕೆ ಅಕ್ಷರ. ವೈನಿ ಎರಡು ಹೆಜ್ಜೆ ಮುಂದೆ ಬಂದು, ಮತ್ತೆ ಹಿಂದೆ ಸರಿದು, ಲಗ್ನ ಯಾರದ ಎಂದಳು. ಅದು ಫೇಲ್. ಆಮೇಲೆ ಭಾಯ್ ಇಂಟರ್ನೆಟ್ಟಿನಿಂದ ಇಳಿಸಿದ ಇನ್ನೊಂದು ದಪ್ಪ ಅಕ್ಷರ. ಅದರಲ್ಲಿ ಒತ್ತುಗಳು ಮೇಲಿನ ಅಕ್ಷರಕ್ಕೆ ಅಂಟಿ ಮಸಿ ಮುದ್ದೆಯಾಗಿದ್ದವು. ಅದೂ ಫೇಲ್. ಕಡೆಗೆ ನಿರ್ಮಲಾ. ದಪ್ಪ ಮಾಡಲಿಲ್ಲ, ಬಾಗಿಸಲಿಲ್ಲ, ಸಾದಾ. ಅಕ್ಷರ ಒಂದು ಮಟ್ಟ ಇಳಿಸಿ, ಭಾಲ್ಕಿ ಎನ್ನುವುದನ್ನು ತೂಕದ ಸಮೇತ ಪಕ್ಕಕ್ಕೆ ಒಯ್ದು, ಮೂರು ಸಾಲನ್ನು ಎರಡು ಸಾಲು ಮಾಡಿದ್ದೆ. ಒತ್ತುಗಳಿಗೆ ಕಾಲು ಚಾಚಲು ಜಾಗ ಸಿಕ್ಕಿತ್ತು.

ವೈನಿ ಕೈಯನ್ನು ಹಣೆಗೆ ಅಡ್ಡ ಹಿಡಿದಳು. ಬಸ್ ಬರುವುದನ್ನು ನೋಡುವಾಗ ಅವಳು ನಿಲ್ಲುವುದೇ ಹಾಗೆ. “ಜೋಳದ... ಖಡಕ್... ರೊಟ್ಟಿ” ಎಂದು ಒಂದೊಂದೇ ಮಾತು ಬಿಡಿಸಿ ಓದಿದಳು. ನಿಂತಳು. “ಜೋಳದ ಹಿಟ್ಟು. ಎಳ್ಳು. ಉಪ್ಪು. ಭಾಲ್ಕಿ.”

ಕಡೆಯ ಮಾತನ್ನು ಅವಳು ಇನ್ನೊಮ್ಮೆ ಓದಿದಳು. ಭಾಯ್ ಸ್ಟಿಕ್ಕರ್ ಹಾಳೆ ಜೋಡಿಸಿಕೊಂಡು, ಹಾಕಲೇನ್ರಿ ಎಂದು ಕೇಳಿದ.

ಹಾಕುವ ಮೊದಲು ಅವನೇ ಇನ್ನೊಂದು ಕೆಲಸ ಮಾಡಿದ. ಆ ಪುಟವನ್ನು ಪಿಡಿಎಫ್ ಮಾಡಿ ಇಟ್ಟ. ಪಿಡಿಎಫಿನಲ್ಲಿ ಫಾಂಟು ಫೈಲಿನ ಒಳಗೇ ಕುಂತು ಜೊತೆಗೆ ಹೋಗುತ್ತದೆ, ಯಾರು ಎಲ್ಲಿ ತೆರೆದರೂ ಸಾಲು ಒಡೆಯುವುದಿಲ್ಲ, ಒತ್ತು ಜರುಗುವುದಿಲ್ಲ. ಅದನ್ನು ಕಾಕುವಿಗೆ ಕಳಿಸಿದೆವು. ಹಾಳೆಗಳು ಒಂದೊಂದಾಗಿ ಹೊರಬರುವಷ್ಟರಲ್ಲಿ ಕಾಕುವಿನ ಉತ್ತರ ಬಂತು, ದನಿಯಲ್ಲೇ ಕಳಿಸಿದ್ದರು. ಅಕ್ಷರ ಕಂಡಾವ, ಇನ್ನ ರೊಟ್ಟಿ ಕಾಣಲಿ ಎಂದಿದ್ದರು.

ಭಾನುವಾರ ಬೆಳಿಗ್ಗೆ ಪಡಸಾಲೆಯಲ್ಲಿ ಸ್ಟಿಕ್ಕರ್ ಹಚ್ಚುವ ಕೆಲಸ ಮದುವೆ ಮನೆಯಂತೆ ನಡೆಯಿತು. ಎಣ್ಣೆ ಕೈಯವರು ಪ್ಯಾಕೆಟ್ ಮುಟ್ಟಬಾರದೆಂದು ನಾನು ಬಾಗಿಲಲ್ಲಿ ನಿಂತು ಕಾವಲು ಕಾದೆ. ಮಧ್ಯಾಹ್ನದ ಮೊದಲೇ ವೈನಿಯೂ ನಾನೂ ನೌಬಾದದಲ್ಲಿ ಇಳಿದೆವು. ಕಾಕು ಪ್ಯಾಕೆಟ್ ಒಂದನ್ನು ಅಂಗಡಿಯ ಹಿಂದಿನ ಗೋಡೆಯ ಗೂಡಿನಲ್ಲಿಟ್ಟು, ರಸ್ತೆಯ ಅಂಚಿಗೆ ಹೋಗಿ ನಿಂತು, ಕನ್ನಡಕ ತೆಗೆದು ಓದಿದರು. ಆಮೇಲೆ ಕನ್ನಡಕ ಹಾಕಿಕೊಂಡು ಓದಿದರು. ಒಂದು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು, ನಾಳಿ ಮುಂಜಾನಿಂದ ಕಳಸ್ರಿ ಎಂದರು. ಅಷ್ಟೇ. ವೈನಿ ಅವರ ಕಾಲಿಗೆ ಬಗ್ಗಿದಳು, ಕಾಕು ಅದೆಲ್ಲ ಬೇಡವೆಂದು ಗದರಿದರು.

ಸಂಜೆ ಮುಕಾದಮನ ಗಾಡಿ ಓಣಿಯ ಮೂಲೆಗೆ ಬಂತು. ನಮ್ಮ ಓಣಿಯಿಂದಲೇ ಆರೇಳು ಮಂದಿ ಹತ್ತಿದರು. ಅವರನ್ನು ನೋಡಿ ಸಂಕಟವಾಯಿತು, ಅವರ ಮನೆಯ ಟ್ರಂಕುಗಳು ಒಂದೊಂದಾಗಿ ಮೇಲೇರಿದವು. ವೈನಿಯ ಟ್ರಂಕು ಏರಲಿಲ್ಲ. ಬದಲಿಗೆ ಅವಳು ಹಳದಿ ಸ್ಟಿಕ್ಕರಿನ ರೊಟ್ಟಿ ಪ್ಯಾಕೆಟ್ಟುಗಳನ್ನು ಗಾಡಿ ತುಂಬ ಹಂಚಿದಳು, ಒಂದು ಕಟ್ಟನ್ನು ಅಣ್ಣನಿಗೆಂದು ಬೇರೆ ಕೊಟ್ಟಳು. ಎರಡು ದಿನಕ್ಕೆ ಅಣ್ಣ ಪುಣೆಯಿಂದ ಒಂದು ಫೋಟೊ ಕಳಿಸಿದ. ತಗಡಿನ ಶೆಡ್ಡಿನ ಬಾಗಿಲಿಗೆ ಪ್ಯಾಕೆಟ್ಟಿನಿಂದ ಬಿಡಿಸಿದ ಸ್ಟಿಕ್ಕರ್ ಅಂಟಿಸಿದ್ದ. ಭಾಲ್ಕಿ ಎನ್ನುವುದು ಮೇಲೆ ಬರುವಂತೆ ಅಡ್ಡ ಅಂಟಿಸಿದ್ದರಿಂದ ನಾನು ಸಿಟ್ಟು ಮಾಡಿದೆ. ಮುಂದಿನ ವರ್ಷ ಮಳೆ ಹಿಡಿದಮೇಲೆ ಅವನೂ ಬಂದ. ಈಗ ನೌಬಾದಕ್ಕೆ ಕಟ್ಟು ಒಯ್ಯುವುದು ಅವನೇ.

ಹಾಳಾದ ಆ ಮರಾಠಿ ಅಕ್ಷರದ ಸ್ಟಿಕ್ಕರುಗಳನ್ನು ಒಲೆಗೆ ಹಾಕೋಣ ಎಂದಿದ್ದೆ ನಾನು. ವೈನಿ ಬಿಡಲಿಲ್ಲ. ಗಾಡಿ ಹೋದ ಸಂಜೆಯೇ ಅದರಲ್ಲೊಂದನ್ನು ಬಿಡಿಸಿ ತನ್ನ ಟ್ರಂಕಿನ ಮುಚ್ಚಳಕ್ಕೆ ಅಂಟಿಸಿ, ಟ್ರಂಕಿಗೆ ಜೋಳದ ಹಿಟ್ಟು ತುಂಬಿಟ್ಟಳು. ಅದು ಈಗಲೂ ಹಾಗೆಯೇ ಇದೆ. ಹಳದಿ ಮಾಸಿದೆ, ಅಕ್ಷರ ಮಾಸಿಲ್ಲ. ಮೊನ್ನೆ ಔರಾದದಿಂದ ಅವಳ ಅಕ್ಕ ಬಂದಿದ್ದಳು. ಹಿಟ್ಟು ತೆಗೆಯಲು ಹೋದವಳು ಮುಚ್ಚಳದ ಮುಂದೆ ಬಗ್ಗಿ ನಿಂತು ಬಹಳ ಹೊತ್ತು ಓದಲು ನೋಡಿದಳು. ಮರಾಠಿ ಇದ್ದಂಗ ಅದ, ಆದ್ರ ತಿಳೀವಲ್ದು, ಇದರಾಗ ಏನ್ ಬರದದ ಎಂದು ಕೇಳಿದಳು.

ವೈನಿ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ.

“ಹೋಗಬ್ಯಾಡ ಅಂತ ಬರದದ” ಎಂದಳು.